ಅಕೌಂಟ್ ನಂಬರ್ ಬದಲಾಗಿದೆ ಅಂತ ಮೇಲ್ ಬಂದರೆ: ಸಣ್ಣ ಕಾರ್ಖಾನೆಗಳ ಮಾಲೀಕರಿಗೂ ಅಕೌಂಟ್ಸ್‌ನವರಿಗೂ ಒಂದು ಬಹಿರಂಗ ಪತ್ರ

ಪೀಣ್ಯದ, ಬೊಮ್ಮಸಂದ್ರದ, ಹುಬ್ಬಳ್ಳಿ ಗೋಕುಲ ರಸ್ತೆಯ, ಬೆಳಗಾವಿ ಉದ್ಯಮಬಾಗದ ಸಣ್ಣ ಕಾರ್ಖಾನೆಗಳ ಮಾಲೀಕರಿಗೆ, ಮತ್ತು ಅಲ್ಲೆಲ್ಲ ಟ್ಯಾಲಿ ತೆರೆದುಕೊಂಡು ಕೂತಿರುವ ನನ್ನಂಥವರಿಗೆ, ನಮಸ್ಕಾರ.

ನಾನು ಪೀಣ್ಯದ ಒಂದು ಲೇತ್ ಯೂನಿಟ್‌ನಲ್ಲಿ ಹದಿನಾಲ್ಕು ವರ್ಷದಿಂದ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೇನೆ. ಹೋದ ವರ್ಷ ಮಾರ್ಚ್ ಕೊನೆಯ ವಾರ 6,84,320 ರೂಪಾಯಿಯನ್ನು ನನ್ನ ಕೈಯಾರೆ ಕಳ್ಳನ ಖಾತೆಗೆ ಹಾಕಿದೆ. ಯಾರೂ ನಮ್ಮ ಬ್ಯಾಂಕ್ ಪಾಸ್‌ವರ್ಡ್ ಕದಿಯಲಿಲ್ಲ. ಯಾರೂ ಓಟಿಪಿ ಕೇಳಲಿಲ್ಲ. ಎಂಟ್ರಿ ಹಾಕಿದ್ದು ನಾನು, ಅಪ್ರೂವ್ ಒತ್ತಿದ್ದು ನಮ್ಮ ಓನರ್. ಬ್ಯಾಂಕಿನವರ ಲೆಕ್ಕದಲ್ಲಿ ಎಲ್ಲ ಸರಿಯಾಗಿಯೇ ನಡೆದಿತ್ತು. ಇದನ್ನು ಹೇಳಿಕೊಳ್ಳೋಕೆ ಒಂದು ವರ್ಷ ಬೇಕಾಯಿತು, ಯಾಕಂದ್ರೆ ನಾಚಿಕೆ. ಆದರೆ ಪಕ್ಕದ ಕ್ರಾಸ್‌ನಲ್ಲೇ ಇನ್ನಿಬ್ಬರಿಗೆ ಹೀಗೇ ಆಗಿದೆ, ಅವರೂ ಬಾಯಿ ಬಿಟ್ಟಿಲ್ಲ ಅಂತ ಗೊತ್ತಾದ ಮೇಲೆ ಬರೆಯೋಣ ಅನ್ನಿಸಿತು.

ನಡೆದದ್ದು ಹೀಗೆ. ಲೂಧಿಯಾನದ ಒಬ್ಬರು ನಮಗೆ ಬ್ರೈಟ್ ಬಾರ್ ಕಳಿಸುತ್ತಾರೆ. ಆರು ವರ್ಷದ ವ್ಯವಹಾರ. ಅವರದೂ ಸಣ್ಣ ಉದ್ಯಮವೇ, ಹಾಗಾಗಿ ಅವರ ಬಿಲ್ ಗಡುವಿನ ಒಳಗೆ ಕೊಡಬೇಕು. ಗಡುವು ಮೀರಿದ ಬಿಲ್ಲನ್ನು ಮಾರ್ಚ್ 31ರ ಒಳಗಾದರೂ ಕೊಡದಿದ್ದರೆ ಆ ಖರ್ಚು ಆ ವರ್ಷದ ಇನ್‌ಕಮ್ ಟ್ಯಾಕ್ಸ್ ಲೆಕ್ಕದಲ್ಲಿ ಸಿಗುವುದಿಲ್ಲ. ಮಾರ್ಚ್ ಕೊನೆಯಲ್ಲಿ ಅಕೌಂಟ್ಸ್‌ನವರ ತಲೆ ಹೇಗಿರುತ್ತೆ ಅಂತ ನಿಮಗೆ ಗೊತ್ತೇ ಇದೆ ಅಲ್ವಾ. ಶುಕ್ರವಾರ ಸಂಜೆ ನಾಲ್ಕೂ ನಲವತ್ತಕ್ಕೆ ಅವರ ಮೇಲ್ ಬಂತು. "ನಮ್ಮ ಕರೆಂಟ್ ಅಕೌಂಟ್‌ನಲ್ಲಿ ವರ್ಷಾಂತ್ಯದ ಆಡಿಟ್ ನಡೀತಿದೆ, ದಯವಿಟ್ಟು ಈ ಬಿಲ್ಲನ್ನು ಕೆಳಗಿನ ಹೊಸ ಖಾತೆಗೆ ಹಾಕಿ, ಇವತ್ತೇ ಆದರೆ ಒಳ್ಳೆಯದು." ಜೊತೆಗೆ ಬಿಲ್ಲಿನ ಪಿಡಿಎಫ್, ಲೆಟರ್‌ಹೆಡ್ ಮೇಲೆ ಒಂದು ಪತ್ರ, ಸೀಲು, ಸಹಿ, ಒಂದು ಕ್ಯಾನ್ಸಲ್ಡ್ ಚೆಕ್ಕಿನ ಫೋಟೋ.

ಎಲ್ಲಿಂದಲೋ ಉದುರಿದ ಮೇಲ್ ಅಲ್ಲ ಅದು. ನಮ್ಮಿಬ್ಬರ ಹಳೇ ಮಾತುಕತೆಯ ಕೆಳಗೇ ಬಂದಿತ್ತು. "ರೇಟ್ ಸ್ವಲ್ಪ ನೋಡಿ ಸಾರ್" ಅಂತ ಹತ್ತು ದಿನದ ಹಿಂದೆ ನಾನೇ ಬರೆದದ್ದು, ಅದಕ್ಕೆ ಅವರು ಕೆಜಿಗೆ ಒಂದು ರೂಪಾಯಿ ಇಳಿಸಿದ್ದು, ಲಾರಿ ನಂಬರು, ಎಲ್ಲ ಕೆಳಗೆ ಹಾಗೇ ಇತ್ತು. ಬಿಲ್ ನಂಬರ್ ಸರಿ, ಮೊತ್ತ ಪೈಸೆಗೆ ಪೈಸೆ ಸರಿ. ಓನರ್ ತುಮಕೂರಿಗೆ ಮದುವೆಗೆ ಹೊರಟಿದ್ದರು, ಬ್ಯಾಗ್ ಹೆಗಲ ಮೇಲಿತ್ತು. ನಿಂತುಕೊಂಡೇ ಮೊಬೈಲಿನಲ್ಲಿ ಅಪ್ರೂವ್ ಮಾಡಿದರು. ಐದೂಕಾಲಿಗೆ ಆರ್‌ಟಿಜಿಎಸ್ ಹೋಯಿತು. "ಪೇಮೆಂಟ್ ಆಗಿದೆ" ಅಂತ ನಾನು ಮೇಲ್ ಹಾಕಿದೆ, "ಬಹಳ ಧನ್ಯವಾದ" ಅಂತ ಉತ್ತರವೂ ಬಂತು.

ಹತ್ತು ದಿನ ಬಿಟ್ಟು ಸೋಮವಾರ ಲೂಧಿಯಾನದಿಂದ ಫೋನ್. "ಭಾಯ್ ಸಾಬ್, ಪೇಮೆಂಟ್ ಏನಾಯ್ತು?"

ಆಮೇಲೆ ಕೂತು ಒಂದೊಂದೇ ಬಿಡಿಸಿ ನೋಡಿದೆವು. ಕಳ್ಳ ಹೊಕ್ಕಿದ್ದು ನಮ್ಮಲ್ಲಿ ಅಲ್ಲ, ಅವರಲ್ಲಿ. ಅಲ್ಲಿನ ಅಕೌಂಟ್ಸ್ ಹುಡುಗ ತಿಂಗಳ ಹಿಂದೆ ಯಾವುದೋ "ಕೊಟೇಶನ್ ನೋಡಿ" ಅನ್ನುವ ಲಿಂಕ್ ಒತ್ತಿ, ಮೇಲ್ ಲಾಗಿನ್ ಥರವೇ ಕಾಣುವ ಪುಟದಲ್ಲಿ ಪಾಸ್‌ವರ್ಡ್ ಕೊಟ್ಟಿದ್ದ. ಕಳ್ಳ ಒಳಗೆ ಬಂದು ಗಲಾಟೆ ಏನೂ ಮಾಡಲಿಲ್ಲ. ಮೇಲ್ ಸೆಟ್ಟಿಂಗ್ಸ್‌ನಲ್ಲಿ ಒಂದು ಫಿಲ್ಟರ್ ಇಟ್ಟ, ಅಷ್ಟೇ. `invoice`, `payment` ಅನ್ನುವ ಪದ ಇರುವ ಮೇಲ್‌ಗಳೆಲ್ಲ ಅವನಿಗೂ ಒಂದು ಪ್ರತಿ ಹೋಗುವ ಹಾಗೆ. ಆಮೇಲೆ ಸುಮ್ನೆ ಕೂತು ಓದಿದ. ಯಾರು ಎಷ್ಟು ಕೊಡಬೇಕು, ಯಾವತ್ತು ಕೊಡುತ್ತಾರೆ, ನಾವು ಹೇಗೆ ಮಾತಾಡುತ್ತೇವೆ, ಎಲ್ಲ ತಿಳಿದುಕೊಂಡ. ದೊಡ್ಡ ಬಿಲ್ ಬಂದ ದಿನ ಬಾಯಿ ಬಿಟ್ಟ.

ಬಾಯಿ ಬಿಟ್ಟಿದ್ದು ಬೇರೆ ವಿಳಾಸದಿಂದ. ಅವರ ವಿಳಾಸದಲ್ಲಿ `components` ಅಂತ ಒಂದು ಪದ ಬರುತ್ತದೆ. ಈ ಮೇಲ್ ಬಂದ ವಿಳಾಸದಲ್ಲಿ ಅದು `cornponents`. ಎರಡನ್ನೂ ಇನ್ನೊಮ್ಮೆ ನೋಡಿ. ಒಂದರಲ್ಲಿ `m`, ಇನ್ನೊಂದರಲ್ಲಿ `r` ಮತ್ತು `n` ಅಂಟಿಕೊಂಡು ಕೂತಿವೆ. ಮೊಬೈಲಿನಲ್ಲಿ ನೋಡಿದರೆ ವಿಳಾಸವೇ ಕಾಣುವುದಿಲ್ಲ, ಹೆಸರಷ್ಟೇ ಕಾಣುತ್ತೆ. ಸಿಸಿಯಲ್ಲಿ ಅವರ ಪಾಲುದಾರರ ಹೆಸರೂ ಇತ್ತು, ಅದೂ ಇದೇ ಥರದ ನಕಲಿ ವಿಳಾಸ. ಹಾಗಾಗಿ ನಾನು "ರಿಪ್ಲೈ ಆಲ್" ಕೊಟ್ಟು "ಹೊಸ ಖಾತೆ ಖಚಿತ ಮಾಡಿ" ಅಂತ ಕೇಳಿದ್ದರೂ, ಹೌದು ಅಂತ ಹೇಳುತ್ತಿದ್ದವನು ಅವನೇ. ನಿಜವಾದ ಸಪ್ಲೈಯರ್ ಕಣ್ಣಿಗೆ ಒಂದಕ್ಷರವೂ ಬೀಳುತ್ತಿರಲಿಲ್ಲ.

ಇಲ್ಲಿ ಕಂಪ್ಯೂಟರ್ ಗೊತ್ತಿರುವ ಒಬ್ಬ ಗೆಳೆಯ ಹೇಳಿದ, "ಜಿಮೇಲ್‌ನಲ್ಲಿ `Show original` ಒತ್ತಿ ನೋಡಬೇಕಿತ್ತು, ನಕಲಿ ಆಗಿದ್ದರೆ ಗೊತ್ತಾಗ್ತಿತ್ತು." ನೋಡಿದೆ. ಅಲ್ಲಿ SPF, DKIM ಎದುರು ಎರಡಕ್ಕೂ `PASS` ಅಂತಲೇ ಇತ್ತು. ಆ ಪರೀಕ್ಷೆ ಹೇಳುವುದು "ಈ ಮೇಲ್ ಈ ವಿಳಾಸದಿಂದಲೇ ಬಂದಿದೆ" ಅಂತ ಮಾತ್ರ. `cornponents` ವಿಳಾಸವನ್ನು ಕಳ್ಳ ದುಡ್ಡು ಕೊಟ್ಟು ತನ್ನ ಹೆಸರಿಗೆ ಮಾಡಿಕೊಂಡಿದ್ದಾನೆ, ಅದು ಅವನದೇ ಮನೆ, ಅಲ್ಲಿಂದ ಬಂದ ಮೇಲ್ ಪಾಸ್ ಆಗದೆ ಇನ್ನೇನಾಗುತ್ತೆ. ಇದಕ್ಕಿಂತ ಕಷ್ಟದ ಸಂಗತಿ ಇನ್ನೊಂದಿದೆ. ಹೊಕ್ಕ ಮನೆಯೊಳಗಿಂದಲೇ, ಅಂದರೆ ಸಪ್ಲೈಯರ್‌ನ ನಿಜವಾದ ವಿಳಾಸದಿಂದಲೇ, ಅವನು ಬರೆಯಬಹುದು. ಆಗ ವಿಳಾಸದಲ್ಲಿ ಒಂದು ಅಕ್ಷರವೂ ವ್ಯತ್ಯಾಸ ಇರುವುದಿಲ್ಲ. ಅದಕ್ಕೇ ಹೇಳೋದು, ಮೇಲನ್ನು ದುರ್ಬೀನು ಹಾಕಿ ನೋಡುವುದು ಒಳ್ಳೆಯ ಅಭ್ಯಾಸ, ಆದರೆ ಮೇಲ್ ಸರಿ ಇದೆ ಅಂತ ಕಂಡರೆ ದುಡ್ಡು ಹಾಕಬಹುದು ಅಂತಲ್ಲ. ತಪ್ಪು ಕಂಡರೆ ನಿಲ್ಲಿಸಿ. ಕಾಣದಿದ್ದರೂ ನಿಲ್ಲಿಸಿ.

ಬಿಲ್ಲಿನ ಬಗ್ಗೆ ನನಗೆ ಜಾಸ್ತಿ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ಅದರ ಮೇಲೆ ಇ-ಇನ್‌ವಾಯ್ಸ್‌ನ ಕ್ಯೂಆರ್ ಇತ್ತು. ನಾನು ಆವತ್ತು ಅದನ್ನು ಸ್ಕ್ಯಾನ್ ಕೂಡ ಮಾಡಿದ್ದೆ, ಸರಿಯಾಗಿ ತಾಳೆ ಆಯಿತು, ಅಲ್ಲಿಗೆ ನನ್ನ ಅನುಮಾನ ಮುಗಿಯಿತು. ಆದರೆ ಆ ಕ್ಯೂಆರ್‌ನಲ್ಲಿ ಇರುವುದೇನು? ಮಾರುವವರ, ಕೊಳ್ಳುವವರ ಜಿಎಸ್‌ಟಿ ನಂಬರ್, ಬಿಲ್ ನಂಬರ್, ತಾರೀಖು, ಮೊತ್ತ, ಎಷ್ಟು ಐಟಂ, ಮುಖ್ಯ ಐಟಂನ ಎಚ್‌ಎಸ್‌ಎನ್ ಕೋಡ್, ಐಆರ್‌ಎನ್. ಬ್ಯಾಂಕ್ ಖಾತೆ ಅದರಲ್ಲಿ ಇಲ್ಲವೇ ಇಲ್ಲ. ಕಳ್ಳ ನಿಜವಾದ ಬಿಲ್ಲನ್ನೇ ತೆಗೆದುಕೊಂಡು, ಕೆಳಗೆ ಬ್ಯಾಂಕ್ ವಿವರ ಇರುವ ಎರಡು ಸಾಲನ್ನಷ್ಟೇ ಬದಲಾಯಿಸಿದ್ದ. ದೊಡ್ಡದು ಮಾಡಿ ನೋಡಿದರೆ ಆ ಎರಡು ಸಾಲಿನ ಅಕ್ಷರ ಮಿಕ್ಕಿದ್ದಕ್ಕಿಂತ ಒಂದು ಚೂರು ದಪ್ಪ. ಐಎಫ್‌ಎಸ್‌ಸಿಯ ಮೊದಲ ನಾಲ್ಕು ಅಕ್ಷರ ಬ್ಯಾಂಕ್ ಯಾವುದು ಅಂತ ಹೇಳುತ್ತೆ, ಐದನೆಯದು ಸೊನ್ನೆ, ಕೊನೆಯ ಆರು ಶಾಖೆ. ಆ ಶಾಖೆ ಎಲ್ಲಿ ಅಂತ ಹುಡುಕಿದರೆ ಲೂಧಿಯಾನವೂ ಅಲ್ಲ, ಪಂಜಾಬೂ ಅಲ್ಲ, ಬೇರೆ ರಾಜ್ಯದ ಒಂದು ಸಣ್ಣ ಊರು. ಇದನ್ನು ನೋಡೋಕೆ ಒಂದು ನಿಮಿಷ ಸಾಕಿತ್ತು. ನೋಡಲಿಲ್ಲ.

ಖಾತೆಯ ಹೆಸರು ನೋಡಲಿಲ್ಲವಾ ಅಂತ ಕೇಳುತ್ತೀರಿ. ಫಲಾನುಭವಿಯ ಹೆಸರು ಅಂತ ಬ್ಯಾಂಕಿನ ಪುಟದಲ್ಲಿ ಒಂದು ಜಾಗ ಇರುತ್ತಲ್ಲ, ಅಲ್ಲಿ ನಾನು ಸಪ್ಲೈಯರ್ ಹೆಸರನ್ನೇ ಬರೆದೆ, ದುಡ್ಡು ಹೋಯಿತು. ತುಂಬ ಜನ ನಂಬಿರೋದು ಏನೆಂದರೆ ಹೆಸರು ತಾಳೆ ಆಗದಿದ್ದರೆ ಬ್ಯಾಂಕ್ ವಾಪಸ್ ಕಳಿಸುತ್ತೆ ಅಂತ. ಇಲ್ಲ. ಎನ್‌ಇಎಫ್‌ಟಿ, ಆರ್‌ಟಿಜಿಎಸ್ ಎರಡರಲ್ಲೂ ದುಡ್ಡು ಜಮೆಯಾಗುವುದು ಖಾತೆ ನಂಬರಿನ ಮೇಲೆ ಮಾತ್ರ. ಇದಕ್ಕೇ ರಿಸರ್ವ್ ಬ್ಯಾಂಕ್ 2024ರ ಡಿಸೆಂಬರ್ 30ರಂದು ಒಂದು ಸುತ್ತೋಲೆ ಹೊರಡಿಸಿ, ದುಡ್ಡು ಕಳಿಸುವ ಮೊದಲು ಆ ನಂಬರಿನ ಖಾತೆ ಯಾರ ಹೆಸರಿನಲ್ಲಿದೆ ಅಂತ ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರ ಒಳಗೆ ಕೊಡಬೇಕು ಅಂತ ಬ್ಯಾಂಕುಗಳಿಗೆ ಹೇಳಿತು. ಗ್ರಾಹಕರಿಂದ ಶುಲ್ಕ ತೆಗೆದುಕೊಳ್ಳುವಂತಿಲ್ಲ. ನೆಟ್ ಬ್ಯಾಂಕಿಂಗ್‌ನಲ್ಲಿ ಅದು ಎಲ್ಲಿದೆ ಅಂತ ಇವತ್ತೇ ಹುಡುಕಿ ಇಟ್ಟುಕೊಳ್ಳಿ, ಸಿಗದಿದ್ದರೆ ಶಾಖೆಯಲ್ಲಿ ಕೇಳಿ. ಆಮೇಲೆ ಅಲ್ಲಿ ಬರುವ ಹೆಸರನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಆ ಸಪ್ಲೈಯರ್‌ನ ಕಾನೂನುಬದ್ಧ ಹೆಸರು ಏನಿದೆಯೋ ಅದರ ಜೊತೆ ತಾಳೆ ನೋಡಿ.

ಹೆಸರು ತಾಳೆಯಾದರೆ ಸಾಕಾ? ಸಾಲದು. ಎವಾಲ್ದಾಸ್ ರಿಮಾಸೌಸ್ಕಸ್ ಅಂತ ಲಿಥುವೇನಿಯಾದ ಒಬ್ಬ ಇದ್ದ. 2013ರಿಂದ 2015ರ ನಡುವೆ ಗೂಗಲ್, ಫೇಸ್‌ಬುಕ್ ಎರಡಕ್ಕೂ ಸೇರಿಸಿ 12 ಕೋಟಿ ಡಾಲರ್‌ಗಿಂತ ಜಾಸ್ತಿ ಟೋಪಿ ಹಾಕಿದ. ಅವರಿಗೆ ಯಂತ್ರ ಕೊಡುತ್ತಿದ್ದ ತೈವಾನ್‌ನ ಕ್ವಾಂಟಾ ಕಂಪನಿಯ ಹೆಸರನ್ನೇ ಇಟ್ಟು ಲಾಟ್ವಿಯಾದಲ್ಲಿ ಒಂದು ಕಂಪನಿ ನೋಂದಾಯಿಸಿದ್ದ, ಆ ಹೆಸರಿನಲ್ಲೇ ಲಾಟ್ವಿಯಾ, ಸೈಪ್ರಸ್‌ಗಳಲ್ಲಿ ಬ್ಯಾಂಕ್ ಖಾತೆ ತೆರೆದಿದ್ದ. ಹೆಸರು ತಾಳೆ ನೋಡಿದ್ದರೂ ಪಾಸ್. 2019ರ ಡಿಸೆಂಬರ್‌ನಲ್ಲಿ ಅವನಿಗೆ ಐದು ವರ್ಷ ಜೈಲಾಯಿತು. ಅಂಥ ದೊಡ್ಡ ಮನೆಗಳೇ ಬಿದ್ದಿರುವಾಗ ನಮ್ಮ ಟ್ಯಾಲಿ ಯಾವ ಲೆಕ್ಕ ಅಂತ ಸಮಾಧಾನ ಮಾಡಿಕೊಳ್ಳೋಕೆ ಇದನ್ನು ಹೇಳುತ್ತಿಲ್ಲ. ಬೇರೆ ಹೆಸರು ಬಂದರೆ ಅಲ್ಲೇ ಬಿಟ್ಟುಬಿಡಿ. ಅದೇ ಹೆಸರು ಬಂದರೂ ಇನ್ನೊಂದು ಮೆಟ್ಟಿಲು ಬಾಕಿ ಇದೆ ಅಂತ ಹೇಳೋಕೆ.

ಆ ಮೆಟ್ಟಿಲು ಫೋನು. ಎಲ್ಲಕ್ಕಿಂತ ಮುಖ್ಯವಾದದ್ದು ಇದೇ, ಇದನ್ನು ಜನ ತಪ್ಪಾಗಿ ಮಾಡುವುದೂ ಜಾಸ್ತಿ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಖಾತೆ ಬದಲಾಗಿದೆ ಅಂತ ಯಾವುದೇ ರೂಪದಲ್ಲಿ ಸುದ್ದಿ ಬರಲಿ, ಮೇಲ್, ವಾಟ್ಸಾಪ್, ಕೊರಿಯರ್‌ನಲ್ಲಿ ಪತ್ರ, ಮೊದಲು ಆ ಬಿಲ್ಲನ್ನು ಪೇಮೆಂಟ್ ಪಟ್ಟಿಯಿಂದ ತೆಗೆದಿಡಿ. ಆ ಮೇಲ್‌ಗೆ ಉತ್ತರ ಕೊಡಬೇಡಿ. ಅದರಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ, ಸಹಿಯ ಕೆಳಗಿರುವ ನಂಬರಿಗೂ ಬೇಡ, ಪಿಡಿಎಫ್ ಬಿಲ್ಲಿನ ಮೇಲಿರುವ ನಂಬರಿಗೂ ಬೇಡ, ಯಾಕಂದ್ರೆ ಬ್ಯಾಂಕ್ ಸಾಲು ಬದಲಾಯಿಸಿದವನಿಗೆ ಫೋನ್ ಸಾಲು ಬದಲಾಯಿಸುವುದು ಏನು ಕಷ್ಟ. ಹಳೇ ಫೈಲ್ ತೆಗೆಯಿರಿ. ಮೊದಲ ಸಲ ವ್ಯವಹಾರ ಶುರು ಮಾಡಿದಾಗ ಬರೆದುಕೊಂಡ ನಂಬರ್, ಎರಡು ವರ್ಷದ ಹಿಂದಿನ ಪರ್ಚೇಸ್ ಆರ್ಡರ್‌ನಲ್ಲಿರುವ ನಂಬರ್, ಅದಕ್ಕೆ ಮಾಡಿ. ಗುರುತಿರುವ ದನಿಯ ಜೊತೆ ಮಾತಾಡಿ.

ಮಾತಾಡುವಾಗ ಒಂದು ತಪ್ಪು ಮಾಡಬೇಡಿ. "ಸಾರ್, ನಿಮ್ಮ ಹೊಸ ಖಾತೆ ನಂಬರ್ ಕೊನೆಗೆ 4471 ಅಲ್ವಾ?" ಅಂತ ನೀವೇ ಓದಿ ಹೇಳಿದರೆ, ಆ ಕಡೆ ಊಟದ ಮಧ್ಯೆ ಇರುವವರು "ಹಾಂ ಹಾಂ" ಅಂದುಬಿಡುತ್ತಾರೆ. ಬದಲಿಗೆ ಹೀಗೆ ಕೇಳಿ: "ನಿಮ್ಮ ಬ್ಯಾಂಕ್ ವಿವರದಲ್ಲಿ ಏನಾದರೂ ಬದಲಾವಣೆ ಇದೆಯಾ?" ಇಲ್ಲ ಅಂದರೆ ಅಲ್ಲಿಗೆ ಸಿಕ್ಕಿಬಿತ್ತು. ಇದೆ ಅಂದರೆ ಖಾತೆ ನಂಬರಿನ ಕೊನೆಯ ನಾಲ್ಕು ಅಂಕಿ, ಬ್ಯಾಂಕು, ಶಾಖೆ ಅವರೇ ಹೇಳಲಿ, ನಿಮ್ಮ ಮುಂದಿನ ಕಾಗದದ ಜೊತೆ ನೀವು ತಾಳೆ ನೋಡಿ. ಇನ್ನೊಂದು, ಒಳಬರುವ ಫೋನು ಲೆಕ್ಕಕ್ಕಿಲ್ಲ. "ನಾನೇ ಮಾತಾಡ್ತಿದ್ದೀನಿ, ಮೇಲ್ ಕಳಿಸಿದೆನಲ್ಲ, ಹಾಕಿಬಿಡಿ" ಅಂತ ಅವರೇ ಫೋನ್ ಮಾಡಿದರೂ, "ಐದು ನಿಮಿಷದಲ್ಲಿ ನಾನೇ ಮಾಡ್ತೀನಿ ಸಾರ್" ಅಂತ ಇಟ್ಟು, ಹಳೇ ನಂಬರಿಗೆ ನೀವೇ ತಿರುಗಿಸಿ ಮಾಡಿ. ಬೇಜಾರಾದರೆ ಆಗಲಿ.

ಇಷ್ಟೂ ಆದ ಮೇಲೆ ಹೊಸ ಖಾತೆಗೆ ಮೊದಲು ನೂರು ರೂಪಾಯಿ ಹಾಕಿ, ಮತ್ತೆ ಅದೇ ಹಳೇ ನಂಬರಿಗೆ ಫೋನ್ ಮಾಡಿ ಬಂತಾ ಅಂತ ಕೇಳಿ. ಎಷ್ಟು ಬಂತು ಅಂತ ಅವರು ಹೇಳಲಿ, ನೀವು ಹೇಳಬೇಡಿ. ಸಣ್ಣ ಮೊತ್ತ ಹಾಕಿದೆವು, ಹೋಯಿತು, ಹಾಗಾಗಿ ಖಾತೆ ಸರಿ ಅಂತ ಕೆಲವರು ತಿಳಿದಿದ್ದಾರೆ. ಹೋಯಿತು ಅಂದರೆ ಅಂಥ ಒಂದು ಖಾತೆ ಇದೆ ಅಂತ ಅಷ್ಟೇ ಅರ್ಥ. ಕಳ್ಳನ ಖಾತೆಯೂ ಖಾತೆಯೇ ತಾನೆ. ಫೋನಿನ ಆ ಕಡೆಯಿಂದ "ನೂರು ಬಂತು" ಅನ್ನುವ ದನಿ ಬೇಕು.

ನಮ್ಮಲ್ಲಿ ಈಗ ಒಂದು ಉದ್ದನೆ ರಿಜಿಸ್ಟರ್ ಇದೆ, ಎಂಬತ್ತು ರೂಪಾಯಿಯದು. ಯಾವ ಸಪ್ಲೈಯರ್, ಯಾವತ್ತು ಸುದ್ದಿ ಬಂತು, ಯಾವ ನಂಬರಿಗೆ ಫೋನ್ ಮಾಡಿದೆ, ಆ ನಂಬರ್ ಎಲ್ಲಿಂದ ಸಿಕ್ಕಿತು, ಯಾರು ಮಾತಾಡಿದರು, ಎಷ್ಟು ಗಂಟೆಗೆ, ಎಲ್ಲ ಕೈಬರಹದಲ್ಲಿ. ನನ್ನ ಸಹಿ, ಆಮೇಲೆ ಸ್ಟೋರ್ಸ್ ನೋಡುವ ಅಕ್ಕನ ಸಹಿ. ಎರಡು ಸಹಿ ಇಲ್ಲದೆ ಟ್ಯಾಲಿಯಲ್ಲಾಗಲಿ ಬ್ಯಾಂಕಿನಲ್ಲಾಗಲಿ ಖಾತೆ ನಂಬರ್ ಬದಲಾಯಿಸುವ ಹಾಗಿಲ್ಲ. ಅಕ್ಕನಿಗೆ ಅಕೌಂಟ್ಸ್ ಬರುವುದಿಲ್ಲ, ಅದು ಬೇಕಾಗಿಯೂ ಇಲ್ಲ. ಅವರು ಕೇಳುವುದು ಒಂದೇ ಪ್ರಶ್ನೆ, "ಈ ನಂಬರ್ ಎಲ್ಲಿಂದ ತಗೊಂಡ್ರಿ?" ಎರಡು ಸಲ ನನ್ನನ್ನು ವಾಪಸ್ ಕಳಿಸಿದ್ದಾರೆ.

ಮಾಲೀಕರಿಗೆ ಇಲ್ಲಿ ಒಂದು ಮಾತು. ನೀವು ಅಪ್ರೂವ್ ಒತ್ತುವಾಗ ನೋಡುವುದು ಮೊತ್ತ ಮಾತ್ರ, ಸಪ್ಲೈಯರ್ ಹೆಸರು ಮಾತ್ರ. ಎರಡೂ ಸರಿಯಾಗಿಯೇ ಇರುತ್ತವೆ, ಕಳ್ಳ ಅವನ್ನು ಮುಟ್ಟಿರುವುದಿಲ್ಲ. "ಇದು ಹೊಸ ಖಾತೆಯಾ?" ಅಂತ ಒಂದು ಸಲ ಕೇಳಿ. ಹೌದು ಅಂದರೆ ರಿಜಿಸ್ಟರ್ ತರಿಸಿ. ಮತ್ತೆ, ಅಕೌಂಟ್ಸ್‌ನವರು "ಇವತ್ತು ಆಗಲ್ಲ ಸಾರ್, ಫೋನ್ ಸಿಗ್ತಿಲ್ಲ" ಅಂದಾಗ ದಯವಿಟ್ಟು ಬೈಯಬೇಡಿ. ಹದಿನೆಂಟು ಸಾವಿರ ಸಂಬಳದ ಹುಡುಗಿ ಫೋನ್ ಇಟ್ಟು ವಾಪಸ್ ಮಾಡುವ ಧೈರ್ಯ ಎಲ್ಲಿಂದ ತರಬೇಕು, ನೀವು ಮೊದಲೇ ಹೇಳದಿದ್ದರೆ? ನಿಮ್ಮ ಹೆಸರಿನಲ್ಲೇ "ಅರ್ಜೆಂಟ್ ಹಾಕಿ, ನಾನು ಮೀಟಿಂಗ್‌ನಲ್ಲಿದ್ದೀನಿ" ಅಂತ ಮೇಲ್ ಬರುವುದೂ ಉಂಟು. ಸಪ್ಲೈಯರ್ ಸಿಗದಿದ್ದರೆ ಆ ಬಿಲ್ಲು ಸೋಮವಾರದವರೆಗೆ ಕಾಯಲಿ. ಒಂದು ದಿನದ ಬಡ್ಡಿ ಎಷ್ಟಾಗುತ್ತೆ ಅಂತ ಲೆಕ್ಕ ಹಾಕಿ ನೋಡಿ, ನಮ್ಮ ಬಿಲ್ಲಿಗೆ ವರ್ಷಕ್ಕೆ ನೂರಕ್ಕೆ ಹದಿನೆಂಟರಂತೆ ಹಿಡಿದರೂ ಮುನ್ನೂರ ನಲವತ್ತು ರೂಪಾಯಿಯ ಆಸುಪಾಸು.

ಇನ್ನು ದುಡ್ಡು ಹೋಗಿಬಿಟ್ಟಿದೆ ಅಂತ ಗೊತ್ತಾದರೆ. ನಾನು ಆವತ್ತು ಮೊದಲ ಎರಡು ಗಂಟೆ ಲೂಧಿಯಾನದವರ ಜೊತೆ ಜಗಳದಲ್ಲಿ ಕಳೆದೆ, ಅದು ತಪ್ಪು. ಮೊದಲು ನಿಮ್ಮ ಬ್ಯಾಂಕಿಗೆ ಫೋನ್ ಮಾಡಿ, ಯುಟಿಆರ್ ನಂಬರ್ ಕೊಟ್ಟು, ಆ ಕಡೆಯ ಬ್ಯಾಂಕಿಗೆ ಹೇಳಿ ದುಡ್ಡು ತಡೆಹಿಡಿಸಿ ಅಂತ ಕೇಳಿ. ಅದರ ಬೆನ್ನಿಗೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್, ಇಲ್ಲವಾದರೆ `cybercrime.gov.in` ಪೋರ್ಟಲ್‌ನಲ್ಲಿ ದೂರು. ಅಲ್ಲಿಂದ ದುಡ್ಡು ಹೋದ ಬ್ಯಾಂಕುಗಳಿಗೆ ಸುದ್ದಿ ಹೋಗಿ, ಖಾತೆಯಲ್ಲಿ ಉಳಿದದ್ದನ್ನು ತಡೆಯುತ್ತಾರೆ. ಉಳಿದಿದ್ದರೆ ಮಾತ್ರ. ನಮ್ಮದು ಹತ್ತು ದಿನ ಆಗಿತ್ತು. ಮೊದಲ ಖಾತೆಯಿಂದ ಅದೇ ದಿನ ರಾತ್ರಿಯೇ ದುಡ್ಡು ಚೂರುಚೂರಾಗಿ ಬೇರೆ ಬೇರೆ ಖಾತೆಗೆ ಹೋಗಿ, ಅಲ್ಲಿಂದ ಎಟಿಎಂಗಳಲ್ಲಿ ಹೊರಬಿದ್ದಿತ್ತು. ಸಿಕ್ಕಿದ್ದು 41,000, ಅದೂ ಕೋರ್ಟ್ ಆದೇಶ ಆದ ಮೇಲೆ. ಆ ಮೇಲನ್ನು ಅಳಿಸಬೇಡಿ. ಸ್ಕ್ರೀನ್‌ಶಾಟ್ ಸಾಲದು, `Show original` ಒತ್ತಿ ಪೂರ್ತಿ ಫೈಲ್ ಇಳಿಸಿಕೊಳ್ಳಿ. ಕಳ್ಳನಿಗೆ ಬೈದು ಉತ್ತರ ಬರೆಯಬೇಡಿ. ಸಪ್ಲೈಯರ್‌ಗೆ ಫೋನಿನಲ್ಲೇ ಹೇಳಿ, ಮೇಲ್‌ನಲ್ಲಿ ಹೇಳಿದರೆ ಅದನ್ನೂ ಅವನು ಓದುತ್ತಾನೆ. ಪಾಸ್‌ವರ್ಡ್ ಬದಲಾಯಿಸಿದರಷ್ಟೇ ಆಗಲಿಲ್ಲ, ಆ ಫಿಲ್ಟರ್ ಹಾಗೂ ಫಾರ್ವರ್ಡಿಂಗ್ ತೆಗೆಯದಿದ್ದರೆ ಪ್ರತಿ ಹೋಗುತ್ತಲೇ ಇರುತ್ತೆ.

ಬ್ಯಾಂಕಿನಿಂದ ಪರಿಹಾರ ಸಿಗುತ್ತೆ ಅಂತ ಯಾರೋ ಹೇಳಿದರು. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ, ಬ್ಯಾಂಕಿನ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕನಿಗೆ ಹೊಣೆ ಇಲ್ಲ ಅನ್ನುವುದು, ಅದು ನಮಗೆ ಗೊತ್ತಿಲ್ಲದೆ ನಮ್ಮ ಖಾತೆಯಿಂದ ಹೋದ ದುಡ್ಡಿಗೆ. ಇಲ್ಲಿ ನಾವೇ ಒತ್ತಿ ಕಳಿಸಿದ್ದೇವಲ್ಲ. ಸಪ್ಲೈಯರ್‌ಗೆ ಕೊಡಬೇಕಾದ ಸಾಲವೂ ಹಾಗೇ ನಿಂತಿರುತ್ತೆ. ತಪ್ಪು ಅವರ ಮೇಲ್‌ನದಾ, ನಮ್ಮದಾ ಅಂತ ವಾದ ಮಾಡಬಹುದು, ಆದರೆ ಆ ವಾದದ ಮಧ್ಯೆ ಬ್ರೈಟ್ ಬಾರ್ ಬರುವುದು ನಿಲ್ಲುತ್ತೆ. ನಾವು ಮತ್ತೆ ಕೊಟ್ಟೆವು, ಐದು ಕಂತಿನಲ್ಲಿ. ಅವರು ಒಂದು ಲಕ್ಷ ಬಿಟ್ಟುಕೊಟ್ಟರು, ಅದು ಅವರ ದೊಡ್ಡತನ.

ಹೋದ ತಿಂಗಳು ಅವರು ನಿಜವಾಗಿಯೂ ಬ್ಯಾಂಕ್ ಬದಲಾಯಿಸಿದರು. ಮೇಲ್ ಬಂತು. ನಾನು ರಿಜಿಸ್ಟರ್ ತೆಗೆದೆ, ಹಳೇ ನಂಬರಿಗೆ ಮಾಡಿದೆ, ಅವರು ವೈಷ್ಣೋದೇವಿಗೆ ಹೋಗಿದ್ದರು, ಸಿಗಲಿಲ್ಲ. ನಾಲ್ಕು ದಿನ ಬಿಲ್ ಮೇಜಿನ ಮೇಲೇ ಇತ್ತು. ಐದನೇ ದಿನ ಅವರೇ ಫೋನ್ ಮಾಡಿ ಸ್ವಲ್ಪ ಸಿಟ್ಟಲ್ಲೇ ಕೇಳಿದರು. ನಾನು ಇಟ್ಟು ವಾಪಸ್ ಮಾಡಿದೆ. ಅವರು ಕೊನೆಯ ನಾಲ್ಕು ಅಂಕಿ ಹೇಳಿದರು, ನೂರು ರೂಪಾಯಿ ಬಂತು ಅಂತ ಹೇಳಿದರು, ಆಮೇಲೆ ನಿಮ್ಮ ರಿಜಿಸ್ಟರ್ ಪುಟದ ಒಂದು ಫೋಟೋ ಕಳಿಸಿ, ನಾವೂ ಒಂದು ಇಡಬೇಕು ಅಂದರು. ಕಳಿಸಿದ್ದೇನೆ. ಬೇಕಾದವರಿಗೂ ತೋರಿಸುತ್ತೇನೆ, ಪೀಣ್ಯದ ಕಡೆ ಬಂದಾಗ ಒಳಗೆ ಬನ್ನಿ.

ಇಂತಿ,
ಪೀಣ್ಯದ ಒಬ್ಬ ಅಕೌಂಟೆಂಟ್